ಉಪವಾಸದ ದಿನ ಯಾವ ಮಾತ್ರೆ ಬಿಡಬೇಕು, ಯಾವುದನ್ನು ಬಿಡಬಾರದು

ಪ್ರಶ್ನೆ: ಡಾಕ್ಟ್ರೇ, ನಮ್ಮ ಅಮ್ಮನಿಗೆ 62 ವರ್ಷ. ಶುಗರ್ ಮತ್ತು ಬಿಪಿ ಎರಡೂ ಇದೆ. ಬೆಳಗ್ಗೆ ತಿಂಡಿಗೆ ಮೊದಲು ಗ್ಲಿಮೆಪಿರೈಡ್ 2 ಮತ್ತು ಮೆಟ್‌ಫಾರ್ಮಿನ್ 500 ಸೇರಿದ ಒಂದು ಮಾತ್ರೆ, ರಾತ್ರಿ ಬರೀ ಮೆಟ್‌ಫಾರ್ಮಿನ್ 500. ಬಿಪಿಗೆ ಬೆಳಗ್ಗೆ ಟೆಲ್ಮಿಸಾರ್ಟನ್ 40 ಜೊತೆ ಹೈಡ್ರೋಕ್ಲೋರೋಥಯಜೈಡ್ 12.5 ಇರುವ ಮಾತ್ರೆ. ಉಪವಾಸದ ದಿನ ಅವರು ಸೂರ್ಯ ಮುಳುಗುವವರೆಗೆ ನೀರೂ ಕುಡಿಯುವುದಿಲ್ಲ. ಕಳೆದ ಸಲ ಎಂದಿನಂತೆ ಎಲ್ಲಾ ಮಾತ್ರೆ ನುಂಗಿದರು, ಮಧ್ಯಾಹ್ನ 2 ಗಂಟೆಗೆ ಮೈಯೆಲ್ಲ ಬೆವರಿ, ಏನೇನೋ ಮಾತಾಡಿದರು. ಸಕ್ಕರೆ ನೀರು ಕುಡಿಸಿದ ಮೇಲೆ ಸರಿಹೋದರು. ಈ ಸಲ ಒಂದು ಮಾತ್ರೆಯನ್ನೂ ಮುಟ್ಟುವುದಿಲ್ಲ ಅಂತಿದ್ದಾರೆ. ಹಾಗೆ ಬಿಡಬಹುದಾ?

ಉತ್ತರ: ಎಲ್ಲವನ್ನೂ ಬಿಡುವುದು ಬೇಡ, ಎಲ್ಲವನ್ನೂ ನುಂಗುವುದಂತೂ ಬೇಡವೇ ಬೇಡ. ಅಮ್ಮ ತಗೊಳ್ಳುವುದು ಮೂರು ಮಾತ್ರೆ, ಆದರೆ ಅದರೊಳಗೆ ನಾಲ್ಕು ಔಷಧಿಗಳಿವೆ. ಆ ನಾಲ್ಕರಲ್ಲಿ ಎರಡು ಉಪವಾಸದ ದಿನ ತೊಂದರೆ ಕೊಡುತ್ತವೆ, ಇನ್ನೆರಡನ್ನು ಹೊತ್ತು ಬದಲಿಸಿ ಮುಂದುವರಿಸಬಹುದು. ಸಮಸ್ಯೆ ಏನಂದರೆ, ತೊಂದರೆ ಕೊಡುವ ಒಂದೊಂದು ಔಷಧಿ ಪಾಪದ ಒಂದೊಂದರ ಜೊತೆ ಒಂದೇ ಮಾತ್ರೆಯಲ್ಲಿ ಅಂಟಿಕೊಂಡಿದೆ.

ಮೊದಲು ಆ ಮಧ್ಯಾಹ್ನದ ವಿಷಯ. ಆಗ ಯಾರೂ ಶುಗರ್ ನೋಡಲಿಲ್ಲ ಅನ್ನಿಸುತ್ತದೆ, ನೀವು ಸಂಖ್ಯೆ ಬರೆದಿಲ್ಲ. ಆದರೂ ಬೆವರು, ತೊದಲು ಮಾತು, ಸಕ್ಕರೆ ನೀರಿಗೆ ಸರಿಹೋಗಿದ್ದು, ಈ ಮೂರನ್ನು ಕೂಡಿಸಿದರೆ ಅದು ಲೋ ಶುಗರ್ ಅಂತಲೇ ನಾನು ಹೇಳುತ್ತೇನೆ. ಮಾತು ತಪ್ಪುವ ಮಟ್ಟಕ್ಕೆ ಹೋಗಿತ್ತು, ಇನ್ನೊಬ್ಬರು ಕುಡಿಸಬೇಕಾಯಿತು ಅಂದರೆ ಅದನ್ನು ನಾವು ತೀವ್ರ ಲೋ ಶುಗರ್ ಅನ್ನುತ್ತೇವೆ. ಅದಾಗಿ ಮೂರು ತಿಂಗಳು ಕಳೆದಿಲ್ಲವಾದರೆ ಈ ಸಲ ಉಪವಾಸವೇ ಬೇಡ. ಇದರಲ್ಲಿ ನಾನು ಚೌಕಾಸಿ ಮಾಡುವುದಿಲ್ಲ. ಕಳೆದಿದ್ದರೆ ಮುಂದೆ ಓದಿ.

ತಪ್ಪಿತಸ್ಥ ಗ್ಲಿಮೆಪಿರೈಡ್. ಇದು ಪ್ಯಾಂಕ್ರಿಯಾಸ್‌ಗೆ ಇನ್ಸುಲಿನ್ ಬಿಡು, ಬಿಡು ಅಂತ ಒತ್ತಾಯ ಮಾಡುವ ಔಷಧಿ. ಹೊಟ್ಟೆಯಲ್ಲಿ ಊಟ ಇದೆಯೋ ಇಲ್ಲವೋ ಅದಕ್ಕೆ ಗೊತ್ತಾಗುವುದಿಲ್ಲ. ಬೆಳಗ್ಗೆ 7ಕ್ಕೆ ನುಂಗಿದರೆ ಅದರ ಕೆಲಸ ಹೆಚ್ಚುಕಡಿಮೆ ಮರುದಿನ ಬೆಳಗಿನವರೆಗೆ ಇರುತ್ತದೆ. ಅಮ್ಮ ಹಿಂದಿನ ರಾತ್ರಿ 9ಕ್ಕೆ ಊಟ ಮಾಡಿದ್ದರು ಅಂದುಕೊಳ್ಳಿ. ಮಧ್ಯಾಹ್ನ 2ಕ್ಕೆ ಹೊಟ್ಟೆಗೆ ಏನೂ ಬೀಳದೆ 17 ಗಂಟೆ ಆಗಿತ್ತು. ಅಷ್ಟು ಹೊತ್ತು ರಕ್ತಕ್ಕೆ ಸಕ್ಕರೆ ಒದಗಿಸುವುದು ಲಿವರ್. ಗ್ಲಿಮೆಪಿರೈಡ್ ಹೊರಡಿಸಿದ ಇನ್ಸುಲಿನ್ ಬಂದು ಅದನ್ನೂ ತಡೆದುಬಿಟ್ಟಿತು. ಸಕ್ಕರೆ ಬರುವ ದಾರಿ ಎರಡೂ ಕಡೆಯಿಂದ ಬಂದ್. ಬೆವರದೆ ಇನ್ನೇನು?

ಮೆಟ್‌ಫಾರ್ಮಿನ್ ಹಾಗಲ್ಲ. ಅದು ಪ್ಯಾಂಕ್ರಿಯಾಸ್‌ನ ತಂಟೆಗೆ ಹೋಗುವುದಿಲ್ಲ. ಲಿವರ್ ಅತಿಯಾಗಿ ಸಕ್ಕರೆ ಸುರಿಯುವುದನ್ನು ಸ್ವಲ್ಪ ತಗ್ಗಿಸುತ್ತದೆ, ಅಷ್ಟೇ. ಅದೊಂದನ್ನೇ ತಗೊಳ್ಳುವವರಿಗೆ ಲೋ ಶುಗರ್ ಆಗುವುದು ಅಪರೂಪ. ಸಿಟಾಗ್ಲಿಪ್ಟಿನ್, ವಿಲ್ಡಾಗ್ಲಿಪ್ಟಿನ್, ಟೆನೆಲಿಗ್ಲಿಪ್ಟಿನ್ ಅಂತ 'ಗ್ಲಿಪ್ಟಿನ್' ಬಾಲ ಇರುವ ಮಾತ್ರೆಗಳೂ ಹಾಗೆಯೇ, ಒಂಟಿಯಾಗಿದ್ದರೆ ಪಾಪದವು. ಗ್ಲಿಮೆಪಿರೈಡ್, ಗ್ಲಿಕ್ಲಜೈಡ್, ಗ್ಲಿಪಿಜೈಡ್, ಗ್ಲಿಬೆನ್‌ಕ್ಲಮೈಡ್ ಒಂದು ಮನೆಯವು. ಇವುಗಳಲ್ಲಿ ಗ್ಲಿಬೆನ್‌ಕ್ಲಮೈಡ್ ಅತಿ ಕೆಟ್ಟದ್ದು. ಯಾರ ಮನೆಯಲ್ಲಾದರೂ ವಯಸ್ಸಾದವರು ಅದನ್ನು ತಗೊಂಡು ಉಪವಾಸ ಮಾಡುತ್ತಿದ್ದರೆ ಇವತ್ತೇ ಡಾಕ್ಟರ ಹತ್ತಿರ ಮಾತಾಡಿ.

ಇದು ಸುಮ್ನೆ ಹೆದರಿಸುವ ಮಾತಲ್ಲ. 2001ರಲ್ಲಿ 13 ದೇಶಗಳಲ್ಲಿ ರಂಜಾನ್ ಉಪವಾಸ ಮಾಡಿದ ಸಕ್ಕರೆ ಕಾಯಿಲೆಯವರನ್ನು ಗಮನಿಸಿದ ದೊಡ್ಡ ಅಧ್ಯಯನ ಒಂದಿದೆ, ಅದರಲ್ಲಿ 12 ಸಾವಿರಕ್ಕೂ ಜಾಸ್ತಿ ಜನ ಇದ್ದರು. ಟೈಪ್ 2 ಇರುವವರಲ್ಲಿ ತೀವ್ರ ಲೋ ಶುಗರ್ ಉಪವಾಸದ ತಿಂಗಳಲ್ಲಿ ಸುಮಾರು ಏಳೂವರೆ ಪಟ್ಟು ಏರಿತ್ತು. ಉಪವಾಸ ಮತ್ತು ಮಾತ್ರೆಗಳ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಹೆಚ್ಚಿನದು ಅಂಥ ಅಧ್ಯಯನಗಳಿಂದಲೇ ಬಂದದ್ದು. ಯಾವ ಧರ್ಮದ ಉಪವಾಸವಾದರೂ ದೇಹದ ಲೆಕ್ಕ ಅದೇ.

ಈಗ ಅಂಟಿಕೊಂಡ ಮಾತ್ರೆಯ ಕಥೆ. ಕೆಲಸ ಶುರುಮಾಡಿದ ಹೊಸದರಲ್ಲಿ ನಾನೊಂದು ತಪ್ಪು ಮಾಡಿದೆ. ಒಬ್ಬ ಹಿರಿಯರಿಗೆ "ಉಪವಾಸದ ದಿನ ಶುಗರ್ ಮಾತ್ರೆ ಅರ್ಧ ತಗೊಳ್ಳಿ" ಅಂತ ಬಾಯಲ್ಲಿ ಹೇಳಿ ಕಳಿಸಿದೆ. ಅವರ ಹತ್ತಿರ ಎರಡು ಬಗೆಯ ಶುಗರ್ ಮಾತ್ರೆ ಇತ್ತು. ಅವರು ಅರ್ಧ ಮಾಡಿದ್ದು ದೊಡ್ಡ ಮಾತ್ರೆಯನ್ನು. ದೊಡ್ಡದೇ ಜೋರಿನದು ಅಂತ ಅವರ ಲೆಕ್ಕ, ಅವರದೇನೂ ತಪ್ಪಿಲ್ಲ. ಅದು ಮೆಟ್‌ಫಾರ್ಮಿನ್. ಸಣ್ಣ ಗ್ಲಿಮೆಪಿರೈಡ್ ಅನ್ನು ಪೂರ್ತಿ ನುಂಗಿದ್ದರು. ಸಂಜೆ ಹೊತ್ತಿಗೆ ಮನೆಯವರು ಹೊತ್ತುಕೊಂಡು ಬಂದಾಗ ಶುಗರ್ 48. ಅವತ್ತಿನಿಂದ ನಾನು ಉಪವಾಸದ ದಿನದ ಮಾತ್ರೆಯನ್ನು ಹೆಸರು, ಹೊತ್ತು ಸಮೇತ ಬೇರೆ ಚೀಟಿಯಲ್ಲೇ ಬರೆದುಕೊಡುತ್ತೇನೆ.

ನಿಮ್ಮ ಅಮ್ಮನ ಬೆಳಗಿನ ಮಾತ್ರೆಯನ್ನು ಅರ್ಧಕ್ಕೆ ಮುರಿಯುವ ಯೋಚನೆಯೂ ಬೇಡ. ಇಂಥ ಜೋಡಿ ಮಾತ್ರೆಗಳಲ್ಲಿ ಮೆಟ್‌ಫಾರ್ಮಿನ್ ಸಾಮಾನ್ಯವಾಗಿ ನಿಧಾನಕ್ಕೆ ಬಿಡುಗಡೆ ಆಗುವ ಬಗೆಯದು, ಹೆಸರಿನ ಮುಂದೆ ಎಸ್‌ಆರ್ ಅಥವಾ ಇಆರ್ ಅಂತ ಇರುತ್ತದೆ. ಮುರಿದರೆ ಆ ಕಟ್ಟು ಒಡೆದುಹೋಗಿ ಇಡೀ ದಿನದ್ದು ಒಮ್ಮೆಗೇ ಹೊರಬರುತ್ತದೆ. ಗ್ಲಿಮೆಪಿರೈಡ್ ಕೂಡ ಎರಡೂ ತುಂಡಿನಲ್ಲಿ ಸಮವಾಗಿ ಇರುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ಸ್ಟ್ರಿಪ್ ಹಿಂದೆ ಸಣ್ಣ ಅಕ್ಷರದಲ್ಲಿ ಒಳಗೇನಿದೆ ಅಂತ ಬರೆದಿರುತ್ತದೆ. ಮೊಬೈಲ್‌ನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದಿ. ಮೂರು ಔಷಧಿ ಸೇರಿದ ಮಾತ್ರೆಗಳೂ ಇವೆ.

ಹಾಗಾದರೆ ಆ ದಿನ ಏನು ಮಾಡಬೇಕು? ನಿಮ್ಮ ಅಮ್ಮ ನನ್ನ ಮುಂದೆ ಕೂತಿದ್ದು, ಅವರ ಕಿಡ್ನಿ ಸರಿ ಇದ್ದಿದ್ದರೆ ನಾನು ಬರೆದುಕೊಡುತ್ತಿದ್ದದ್ದು ಇದು. ಇದನ್ನು ಅವರ ಡಾಕ್ಟರಿಗೆ ತೋರಿಸಿ, ಅವರು ಒಪ್ಪಿದರೆ ಮಾತ್ರ ಮಾಡಿ. ಎರಡು ಹೊಸ ಸ್ಟ್ರಿಪ್ ಬರೆಸಿಕೊಳ್ಳಬೇಕಾಗುತ್ತದೆ ಅನ್ನುವುದಕ್ಕಾದರೂ ಹೋಗಲೇಬೇಕು.

ಹಿಂದಿನ ದಿನ ಶುಗರ್ ಮಾತ್ರೆ ಎಂದಿನಂತೆ, ರಾತ್ರಿಯ ಮೆಟ್‌ಫಾರ್ಮಿನ್ ಊಟದ ಜೊತೆ. ಉಪವಾಸದ ಬೆಳಗ್ಗೆ ಶುಗರ್ ಮಾತ್ರೆ ಯಾವುದೂ ಇಲ್ಲ. ಸಂಜೆ ಉಪವಾಸ ಬಿಟ್ಟು ಊಟ ಮಾಡುವಾಗ ಬರೀ ಮೆಟ್‌ಫಾರ್ಮಿನ್ ಎಸ್‌ಆರ್ 500ರ ಎರಡು ಮಾತ್ರೆ, ಊಟದ ನಡುವೆ ಅಥವಾ ಮುಗಿಸಿದ ಕೂಡಲೆ. ದಿನಕ್ಕೆ ಎರಡು ಹೊತ್ತು ಬೀಳುತ್ತಿದ್ದ ಒಟ್ಟು 1000 ಮಿಲಿಗ್ರಾಂ ಒಂದೇ ಹೊತ್ತಿಗೆ ಬಂತು ಅಷ್ಟೇ. ಖಾಲಿ ಹೊಟ್ಟೆಗೆ ಹಾಕಿದರೆ ಹೊಟ್ಟೆ ತೊಳಸುತ್ತದೆ, ಭೇದಿಯೂ ಆಗಬಹುದು. ಅಷ್ಟು ಒಟ್ಟಿಗೆ ತಡೆಯದಿದ್ದರೆ ಒಂದೇ ಸಾಕು.

ಗ್ಲಿಮೆಪಿರೈಡ್? ಒಂದೇ ದಿನದ ಉಪವಾಸವಾದರೆ ಆ ದಿನ ಅದು ಬೇಡ. ಸಂಜೆ ಊಟದ ಜೊತೆ ಕೊಡೋಣವೇ ಅಂತ ಕೇಳುವವರಿದ್ದಾರೆ. ಸಂಜೆ 7ಕ್ಕೆ ಕೊಟ್ಟು, ಮರುದಿನ ಬೆಳಗ್ಗೆ 7ಕ್ಕೆ ಎಂದಿನ ಮಾತ್ರೆ ಕೊಟ್ಟರೆ, ಇಡೀ ದಿನ ಕೆಲಸ ಮಾಡುವ ಔಷಧಿ ಹನ್ನೆರಡೇ ಗಂಟೆಯಲ್ಲಿ ಎರಡು ಸಲ ಬಿತ್ತು. ಒಂದು ದಿನ ಅದು ತಪ್ಪಿದರೆ ರಾತ್ರಿ ಊಟದ ನಂತರ ಶುಗರ್ 200ರ ಆಚೆ ಹೋಗಬಹುದು. ಹೋಗಲಿ ಬಿಡಿ. ಒಂದು ರಾತ್ರಿಯ 220ಕ್ಕೆ ಏನೂ ಆಗುವುದಿಲ್ಲ, ಒಂದು ಗಂಟೆಯ 45ಕ್ಕೆ ಬಿದ್ದು ಸೊಂಟ ಮುರಿಯುತ್ತದೆ. ಮರುದಿನ ಸರಿಯಾಗಿ ತಿಂಡಿ ತಿನ್ನುತ್ತಾರೆ ಅನ್ನುವುದು ಖಚಿತವಾದ ಮೇಲೆ ಎಂದಿನ ಜೋಡಿ ಮಾತ್ರೆ. ತಪ್ಪಿದ್ದಕ್ಕೆ ಸೇರಿಸಿ ಎರಡು ನುಂಗುವುದು ಬೇಡ.

ಸತತ ಹಲವು ದಿನ ಉಪವಾಸ ಇದ್ದರೆ ಲೆಕ್ಕ ಬೇರೆ. ಅಷ್ಟೂ ದಿನ ಗ್ಲಿಮೆಪಿರೈಡ್ ಇಲ್ಲದಿದ್ದರೆ ಶುಗರ್ ಮೇಲಕ್ಕೆ ಹೋಗಿ ಅಲ್ಲೇ ನಿಲ್ಲುತ್ತದೆ. ಆಗ ಅದನ್ನು ಪೂರ್ತಿಯಾಗಿ ಸಂಜೆ ಊಟಕ್ಕೆ ವರ್ಗಾಯಿಸಿ, 2ರ ಬದಲು 1 ಮಿಲಿಗ್ರಾಂಗೆ ಇಳಿಸುತ್ತೇವೆ, ಬೆಳಗ್ಗೆ ಕೊಡುವುದಿಲ್ಲ. ಇಲ್ಲವೇ ಅಷ್ಟು ದಿನಕ್ಕೆ ಗ್ಲಿಪ್ಟಿನ್‌ಗೆ ಬದಲಿಸುತ್ತೇವೆ. ನನಗೆ ಎರಡನೆಯದೇ ಇಷ್ಟ, ನಿಮ್ಮ ಅಮ್ಮನ ಹಾಗೆ ಒಂದು ಸಲ ಬಿದ್ದೆದ್ದವರಿಗಂತೂ. ಆದರೆ ಬದಲಾವಣೆ ಉಪವಾಸದ ಮೊದಲ ದಿನವೇ ಅಲ್ಲ, ಎರಡು ಮೂರು ವಾರ ಮುಂಚೆ ಆಗಬೇಕು.

ಇನ್ನು ಬಿಪಿ ಮಾತ್ರೆ. ಟೆಲ್ಮಿಸಾರ್ಟನ್ ನಿಧಾನಕ್ಕೆ ಇಳಿಯುವ ಔಷಧಿ, ಬೆಳಗಿನದನ್ನು ಸಂಜೆಗೆ ತಂದರೆ ನಷ್ಟವಿಲ್ಲ. ಬಿಪಿ ಮಾತ್ರೆಯನ್ನು ಬೆಳಗ್ಗೆಯೇ ತಗೊಳ್ಳಬೇಕು ಅನ್ನುವ ನಂಬಿಕೆ ತುಂಬ ಜನರಿಗಿದೆ. 2022ರಲ್ಲಿ ಬ್ರಿಟನ್ನಿನ ಒಂದು ಪ್ರಯೋಗ ಪ್ರಕಟವಾಯಿತು, 21 ಸಾವಿರಕ್ಕೂ ಜಾಸ್ತಿ ಜನರನ್ನು ವರ್ಷಗಟ್ಟಲೆ ನೋಡಿದ್ದು. ಬೆಳಗ್ಗೆ ತಗೊಂಡವರಿಗೂ ಸಂಜೆ ತಗೊಂಡವರಿಗೂ ಹೃದಯಾಘಾತ, ಸ್ಟ್ರೋಕ್ ವಿಷಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ಅಮ್ಮನ ಬಿಪಿ ಮಾತ್ರೆಯನ್ನು ಉಪವಾಸಕ್ಕೆ ಒಂದು ವಾರ ಮೊದಲೇ ಸಂಜೆಗೆ ತಂದುಬಿಡಿ. ಆಗ ಉಪವಾಸದ ದಿನ ಹೊತ್ತು ಬದಲಿಸುವ ಗೋಜೇ ಇರುವುದಿಲ್ಲ.

ಆದರೆ ಅದರೊಳಗಿನ ಹೈಡ್ರೋಕ್ಲೋರೋಥಯಜೈಡ್ ಮೂತ್ರ ಜಾಸ್ತಿ ಮಾಡುವ ಔಷಧಿ. ಇಡೀ ದಿನ ನೀರು ಕುಡಿಯದವರಿಗೆ ಉಪ್ಪು, ನೀರನ್ನು ಹೊರಹಾಕುವ ಮಾತ್ರೆ ಕೊಟ್ಟರೆ ಏನಾಗುತ್ತದೆ ಅಂತ ನೀವೇ ಯೋಚಿಸಿ. ಮಧ್ಯಾಹ್ನ ಕೂತವರು ಎದ್ದಾಗ ಬಿಪಿ ಕುಸಿದು ಕಣ್ಣು ಕತ್ತಲೆ. ಬಿಸಿಲಿನ ದಿನವಾದರೆ ಇನ್ನೂ ಬೇಗ. ಆದ್ದರಿಂದ ಉಪವಾಸದ ಹಿಂದಿನ ಸಂಜೆ ಮತ್ತು ಉಪವಾಸದ ಸಂಜೆ ಬರೀ ಟೆಲ್ಮಿಸಾರ್ಟನ್ 40. ನೀರು ಕುಡಿಯುವುದು ಮಾಮೂಲಿಗೆ ಬಂದ ಮರುದಿನದಿಂದ ಮತ್ತೆ ಜೋಡಿ ಮಾತ್ರೆ. ಇದು ಅಮ್ಮನಂಥವರಿಗೆ ಮಾತ್ರ. ಹೃದಯ ದುರ್ಬಲವಾಗಿ ಕಾಲು ಊದಿಕೊಳ್ಳುವವರು ಫ್ಯೂರೋಸೆಮೈಡ್ ತಗೊಳ್ಳುತ್ತಿದ್ದರೆ ಅದನ್ನು ತಾವಾಗಿಯೇ ಬಿಡಬಾರದು. ಅಂಥವರಿಗೆ ನೀರು ಬಿಟ್ಟ ಉಪವಾಸವೇ ಆಗಿಬರುವುದಿಲ್ಲ.

ಇಲ್ಲೊಂದು ಅಡ್ಡಮಾತು. ಉಪವಾಸದ ದಿನ ತಲೆನೋವು ಬರುತ್ತದೆ, ಸಂಜೆ ಜನ ಡೈಕ್ಲೋಫೆನಾಕ್ ಅಥವಾ ಐಬುಪ್ರೊಫೇನ್ ನುಂಗುತ್ತಾರೆ. ನೀರಿಲ್ಲದ ದೇಹ, ಟೆಲ್ಮಿಸಾರ್ಟನ್, ಮೂತ್ರದ ಔಷಧಿ, ಅದರ ಮೇಲೆ ಈ ನೋವಿನ ಮಾತ್ರೆ ಬಿದ್ದರೆ ಕಿಡ್ನಿಗೆ ಹೋಗುವ ರಕ್ತ ನಾಲ್ಕೂ ಕಡೆಯಿಂದ ಕಡಿಮೆಯಾಗುತ್ತದೆ. ಒಂದೇ ದಿನದಲ್ಲಿ ಕಿಡ್ನಿ ಕೈಕೊಟ್ಟವರನ್ನು ನೋಡಿದ್ದೇನೆ. ಮೊದಲು ನೀರು, ಅಷ್ಟಕ್ಕೂ ಹೋಗದಿದ್ದರೆ ಪ್ಯಾರಸಿಟಮಾಲ್.

ಅಮ್ಮನ ಪಟ್ಟಿಯಲ್ಲಿ ಇಲ್ಲದ, ಆದರೆ ಓದುವ ಬೇರೆಯವರ ಮನೆಯಲ್ಲಿ ಇರಬಹುದಾದ ಕೆಲವನ್ನು ಹೇಳಿಬಿಡುತ್ತೇನೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಕಳಿಸುತ್ತವೆ, ಜೊತೆಗೆ ನೀರನ್ನೂ. ಹೊಟ್ಟೆಗೆ ಏನೂ ಇಲ್ಲದೆ ಬಹಳ ಹೊತ್ತು ಇದ್ದರೆ ಇವುಗಳಿಂದ ರಕ್ತದಲ್ಲಿ ಕೀಟೋನ್ ಆಮ್ಲ ಸೇರಿಕೊಳ್ಳಬಹುದು. ಮೋಸ ಏನಂದರೆ ಆಗ ಶುಗರ್ 180, 200ರ ಆಸುಪಾಸಿನಲ್ಲೇ ಇರುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ವಾಂತಿ, ಹೊಟ್ಟೆನೋವು, ಜೋರು ಉಸಿರು ಕಂಡರೆ ನೇರ ಆಸ್ಪತ್ರೆ. ದೊಡ್ಡ ಆಪರೇಷನ್‌ಗೆ ಮೊದಲು ಇವನ್ನು ಮೂರು ದಿನ ನಿಲ್ಲಿಸುತ್ತೇವೆ. ದಿನಪೂರ್ತಿ ಮೀರಿದ ಉಪವಾಸಕ್ಕೂ ಎಷ್ಟು ದಿನ ಮುಂಚೆ ನಿಲ್ಲಿಸಬೇಕು ಅಂತ ಡಾಕ್ಟರನ್ನು ಕೇಳಲೇಬೇಕು. ಬೀಟಾ ಬ್ಲಾಕರ್, ಅಂದರೆ ಮೆಟೊಪ್ರೊಲಾಲ್, ಅಟೆನೊಲಾಲ್ ಮುಂತಾದವನ್ನು ತಟ್ಟನೆ ಬಿಟ್ಟರೆ ಎದೆಬಡಿತ ಏರುತ್ತದೆ, ಹೃದಯದ ತೊಂದರೆ ಇರುವವರಿಗೆ ಎದೆನೋವೂ ಬರಬಹುದು. ಕ್ಲೋನಿಡಿನ್ ತಟ್ಟನೆ ಬಿಟ್ಟರೆ ಬಿಪಿ ಮೊದಲಿಗಿಂತ ಮೇಲೆ ಹಾರುತ್ತದೆ. 'ಒಂದು ಮಾತ್ರೆಯನ್ನೂ ಮುಟ್ಟಲ್ಲ' ಅನ್ನುವ ಹಟ ನಿಜಕ್ಕೂ ಅಪಾಯ ತರುವುದು ಇವರಿಗೆ. ಬೀಟಾ ಬ್ಲಾಕರ್ ಇನ್ನೊಂದು ಆಟ ಆಡುತ್ತದೆ: ಲೋ ಶುಗರ್ ಆದಾಗ ಬರುವ ನಡುಕ, ಎದೆ ಡವಡವ ಎರಡನ್ನೂ ಮುಚ್ಚಿಹಾಕುತ್ತದೆ. ಉಳಿಯುವ ಗುರುತು ಬೆವರು ಮಾತ್ರ.

ಮಾತ್ರೆ ಸರಿಮಾಡಿದ ಮೇಲೂ ಚುಚ್ಚಿ ನೋಡದೆ ಉಪವಾಸ ಬೇಡ. ಗ್ಲುಕೋಮೀಟರ್ ಮನೆಯಲ್ಲಿ ಇರಲಿ. ಬೆಳಗ್ಗೆ ಎದ್ದಾಗ, 11 ಗಂಟೆಗೆ, 2 ಗಂಟೆಗೆ, ಸಂಜೆ 4ಕ್ಕೆ, ಉಪವಾಸ ಬಿಡುವ ಮೊದಲು, ಮತ್ತು ಊಟವಾಗಿ ಎರಡು ಗಂಟೆಗೆ. ಬೆಳಗ್ಗೆ ಎದ್ದಾಗಲೇ 90ರ ಕೆಳಗಿದ್ದರೆ ಅವತ್ತು ಉಪವಾಸ ಶುರು ಮಾಡುವುದೇ ಬೇಡ ಅಂತ ನಾನು ಹೇಳುತ್ತೇನೆ, ಯಾಕೆಂದರೆ ಹಿಂದಿನ ಬೆಳಗಿನ ಗ್ಲಿಮೆಪಿರೈಡ್‌ನ ಬಾಲ ಇನ್ನೂ ಇರಬಹುದು, ಮುಂದೆ 12 ಗಂಟೆ ಖಾಲಿ ಹೊಟ್ಟೆ. ಯಾವ ಹೊತ್ತಿನಲ್ಲಾದರೂ 70ಕ್ಕಿಂತ ಕೆಳಗೆ ಬಂದರೆ ಉಪವಾಸ ಅಲ್ಲಿಗೆ ಮುಗಿಯಿತು, ಇನ್ನು ಅರ್ಧ ಗಂಟೆ ಉಳಿದಿದ್ದರೂ ಸರಿ. 300 ದಾಟಿದರೂ ಮುಗಿಯಿತು. ಸಂಖ್ಯೆ ಚೆನ್ನಾಗಿದ್ದೂ ಬೆವರು, ತಲೆಸುತ್ತು, ಗೊಂದಲ ಇದ್ದರೆ ಬಿಪಿ ನೋಡಿ, ಕೂತಾಗ ಒಮ್ಮೆ, ಎದ್ದು ನಿಂತು ಎರಡು ನಿಮಿಷಕ್ಕೆ ಇನ್ನೊಮ್ಮೆ. ಮೇಲಿನ ಸಂಖ್ಯೆ 20 ಅಥವಾ ಅದಕ್ಕಿಂತ ಜಾಸ್ತಿ ಇಳಿದರೆ ನೀರು ಕುಡಿಸಬೇಕು. ಇವೆಲ್ಲವನ್ನೂ ಅಮ್ಮನ ಜೊತೆ ಮೊದಲೇ ಮಾತಾಡಿಕೊಳ್ಳಿ. ಶುಗರ್ 55ಕ್ಕೆ ಬಂದ ಮೇಲೆ ಅವರು ವಾದ ಮಾಡುತ್ತಾರೆ, ಆ ವಾದ ಅವರದ್ದಲ್ಲ, ಲೋ ಶುಗರ್‌ನದ್ದು.

70ರ ಕೆಳಗೆ ಬಂದರೆ ಮೂರು ಟೀ ಚಮಚ ಸಕ್ಕರೆ ಅಥವಾ ಗ್ಲುಕೋಸ್ ಪುಡಿ ಅರ್ಧ ಲೋಟ ನೀರಿನಲ್ಲಿ ಕರಗಿಸಿ ಕೊಡಿ. 15 ನಿಮಿಷ ಬಿಟ್ಟು ಮತ್ತೆ ಚುಚ್ಚಿ. ಏರಿಲ್ಲವಾದರೆ ಇನ್ನೊಮ್ಮೆ ಅಷ್ಟೇ. ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ತಗೊಳ್ಳುವವರಿಗೆ ಸಕ್ಕರೆ ಬೇಡ, ಗ್ಲುಕೋಸ್ ಪುಡಿಯೇ ಬೇಕು. ಆ ಮಾತ್ರೆಗಳು ಕರುಳಿನಲ್ಲಿ ಸಕ್ಕರೆ ಒಡೆಯುವುದನ್ನೇ ತಡೆಯುತ್ತವೆ, ಕುಡಿಸಿದ್ದು ಬೇಗ ರಕ್ತಕ್ಕೆ ಸೇರುವುದಿಲ್ಲ. ಮಾತಾಡಲಾಗದೆ ಮಂಕಾಗಿದ್ದರೆ ಬಾಯಿಗೆ ಏನೂ ಹಾಕಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ.

ಕಳೆದ ಸಲ ನೀವು ಸಕ್ಕರೆ ನೀರು ಕುಡಿಸಿದಿರಿ, ಅಮ್ಮ ಸರಿಹೋದರು, ಎಲ್ಲರೂ ನಿರಾಳವಾದಿರಿ, ಅಲ್ವಾ? ಅಲ್ಲೇ ಒಂದು ಬಲೆ ಇದೆ. ಸಕ್ಕರೆ ನೀರಿನ ಬಲ ಒಂದು ಗಂಟೆಯಷ್ಟು. ಗ್ಲಿಮೆಪಿರೈಡ್ ಆಗ ಇನ್ನೂ ಅರ್ಧಕ್ಕಿಂತ ಜಾಸ್ತಿ ದಿನ ಕೆಲಸ ಮಾಡುವುದು ಬಾಕಿ ಇತ್ತು. ಕುಡಿಸಿದ ನಂತರ ಊಟ ಮಾಡಿಸಬೇಕು, ಸಂಜೆಯವರೆಗೆ ಗಂಟೆಗೊಮ್ಮೆ, ರಾತ್ರಿ ಮಲಗುವ ಮೊದಲು ಮತ್ತು ನಡುರಾತ್ರಿ ಒಮ್ಮೆ ಶುಗರ್ ನೋಡಬೇಕು. ಮತ್ತೆ ಇಳಿದರೆ ಆಸ್ಪತ್ರೆಯಲ್ಲಿ ಒಂದು ದಿನ ಇಟ್ಟುಕೊಳ್ಳುತ್ತೇವೆ, ಕಿಡ್ನಿ ದುರ್ಬಲವಿದ್ದವರಲ್ಲಿ ಎರಡು ಮೂರು ದಿನವೂ ಇಳಿಯುತ್ತಲೇ ಇದ್ದದ್ದುಂಟು.

ಕಿಡ್ನಿ ಅಂದೆನಲ್ಲ, ಕೊನೆಗೆ ಅದೇ. ಅಮ್ಮನ ಕ್ರಿಯಾಟಿನಿನ್ ಕೊನೆಯ ಸಲ ನೋಡಿದ್ದು ಯಾವಾಗ? ಮೂರು ತಿಂಗಳಿಗಿಂತ ಹಳೆಯದಾದರೆ ಉಪವಾಸಕ್ಕೆ ಮುಂಚೆ ಇನ್ನೊಮ್ಮೆ ಮಾಡಿಸಿ. ವರದಿಯಲ್ಲಿ ಅದರ ಕೆಳಗೆ ಇಜಿಎಫ್‌ಆರ್ ಅಂತ ಇನ್ನೊಂದು ಸಂಖ್ಯೆ ಇರುತ್ತದೆ. ಅದು 60ರ ಮೇಲಿದ್ದರೆ ಮೇಲೆ ಬರೆದದ್ದು ಅವರ ಡಾಕ್ಟರ ಜೊತೆ ಕೂತು ಮಾತಾಡಲು ಸರಿಯಾದ ಶುರು. 45ರಿಂದ 60ರ ನಡುವೆ ಇದ್ದರೆ ನೀರು ಕುಡಿಯುವ ಉಪವಾಸ ಮಾತ್ರ. 45ರ ಕೆಳಗಿದ್ದರೆ ಈ ಉತ್ತರದಲ್ಲಿರುವ ಮಾತ್ರೆಯ ಲೆಕ್ಕ ಅವರಿಗಲ್ಲ, ಒಂದೇ ಹೊತ್ತಿಗೆ ಮೆಟ್‌ಫಾರ್ಮಿನ್ 1000 ಅಂತೂ ಅಲ್ಲವೇ ಅಲ್ಲ. ಆಗ ನಾನಾಗಿದ್ದರೆ ಉಪವಾಸ ಬೇಡ ಅಂತ ಅಮ್ಮನಿಗೇ ನೇರವಾಗಿ ಹೇಳುತ್ತಿದ್ದೆ.